ಗಂಟಲಿನ ಉಂಡೆ

ಕಳೆದ ತಿಂಗಳು ಒಂದು ರಾತ್ರಿ ಹತ್ತೂವರೆಯ ಹೊತ್ತಿಗೆ ಬೆಂಗಳೂರಿನಿಂದ ಅಣ್ಣನ ಮಗ ಫೋನು ಮಾಡಿದ. ಅಷ್ಟು ಹೊತ್ತಿನಲ್ಲಿ ಫೋನು ಮಾಡುವ ಅಭ್ಯಾಸ ಅವನಿಗಿಲ್ಲ. ಕ್ಷೇಮಸಮಾಚಾರವನ್ನೂ ಕೇಳದೆ, "ಚಿಕ್ಕಪ್ಪ, ಮೂರು ವಾರದಿಂದ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿದೆ. ನುಂಗಿದರೆ ಇಳಿಯುವುದಿಲ್ಲ, ಕೆಮ್ಮಿದರೆ ಬರುವುದಿಲ್ಲ. ಎದೆ ಬಿಗಿದುಕೊಂಡು ಉಸಿರು ಪೂರ್ತಿ ಒಳಗೆ ಹೋಗುತ್ತಿಲ್ಲ. ನನಗೂ ಅಪ್ಪನದೇ ಬಂದಿದೆ ಅನ್ನಿಸುತ್ತದೆ" ಎಂದ.

ನಾನು ಒಂದು ಕ್ಷಣ ತಡೆದು, "ಇವತ್ತು ರಾತ್ರಿ ಏನು ಊಟ ಮಾಡಿದೆ?" ಎಂದು ಕೇಳಿದೆ.

ಇಂಥ ಹೊತ್ತಿನಲ್ಲಿ ಇದೇನು ಪ್ರಶ್ನೆ ಎಂದು ಅವನಿಗೆ ಅನ್ನಿಸಿರಬೇಕು. "ಮುದ್ದೆ, ಸೊಪ್ಪಿನ ಸಾರು" ಎಂದ.

"ಎಷ್ಟು ಮುದ್ದೆ?"

"ಒಂದೂವರೆ."

"ಎಲ್ಲಾದರೂ ಸಿಕ್ಕಿಕೊಂಡಿತೇ?"

"ಇಲ್ಲ. ಊಟ ಮಾಡುವಾಗ ಏನೂ ಗೊತ್ತಾಗಲಿಲ್ಲ. ಕೈ ತೊಳೆದು ಬಂದು ಕೂತ ಮೇಲೆ ಮತ್ತೆ ಶುರುವಾಯಿತು."

ನಾಳೆಯೇ ಕಿವಿ, ಮೂಗು, ಗಂಟಲಿನ ವೈದ್ಯರನ್ನು ಕಾಣಬೇಕೆಂದು ಅವನಿಗೆ ಹೇಳಿದೆ. ಆದರೆ ಆ ಒಂದೂವರೆ ಮುದ್ದೆಯ ಸಂಗತಿಯನ್ನು ಕೇಳಿದ ಮೇಲೆ ನಾನಂತೂ ನೆಮ್ಮದಿಯಿಂದ ಮಲಗಿದೆ. ಏಕೆ ಮಲಗಲು ಸಾಧ್ಯವಾಯಿತು ಎಂಬುದನ್ನು ವಿವರಿಸುವುದಕ್ಕಾಗಿ ಈ ಬರಹ. ಬಂಧುಗಳಲ್ಲಿ ಕೆಲವರಿಗೆ ಹಿಂದಿನ ಕಥೆ ತಿಳಿದಿದೆ; ಹಳೆಯ ವಿದ್ಯಾರ್ಥಿಗಳಿಗೆ ಹೊಸದು. ನನ್ನ ದೌರ್ಬಲ್ಯವೊಂದನ್ನು ಬಹಿರಂಗವಾಗಿ ಬರೆಯಲು ಇಷ್ಟು ವರ್ಷ ಸಂಕೋಚವಿತ್ತು. ಹುಡುಗನ ದನಿಯನ್ನು ಕೇಳಿದ ಮೇಲೆ ಆ ಸಂಕೋಚಕ್ಕೆ ಅರ್ಥವಿಲ್ಲವೆನಿಸಿತು.

ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಮುದ್ದೆ ಉಣ್ಣುವ ಸೀಮೆ. ಮುದ್ದೆಯನ್ನು ಅಗಿಯುವುದಿಲ್ಲ, ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಕರಾವಳಿಯಿಂದ ನಮ್ಮ ಶಾಲೆಗೆ ವರ್ಗವಾಗಿ ಬಂದಿದ್ದ ಸಹೋದ್ಯೋಗಿಯೊಬ್ಬರು ಮೊದಲ ದಿನ ಅದನ್ನು ಅಗಿಯಲು ಹೋಗಿ ಪಟ್ಟ ಪಾಡನ್ನು ಇನ್ನೊಮ್ಮೆ ಬರೆಯುತ್ತೇನೆ. ನುಂಗುವುದು ನಮಗೆ ಕಲಿಸಿದ ವಿದ್ಯೆಯಲ್ಲ, ಹುಟ್ಟಿನಿಂದ ಬಂದದ್ದು. ಅಣ್ಣನಂತೂ ಗದ್ದೆಯಿಂದ ಬಂದು ಕೂತರೆ ಎರಡು ಮುದ್ದೆಗಳು ಮಾತಿನ ನಡುವೆಯೇ ಮಾಯವಾಗುತ್ತಿದ್ದವು.

2014ರ ದೀಪಾವಳಿಯ ಹೊತ್ತಿಗೆ ಅವನು ಊಟದ ನಡುವೆ ಚೊಂಬು ಎತ್ತಿ ನೀರು ಕುಡಿಯಲು ಆರಂಭಿಸಿದ. ಮುದ್ದೆ ಎದೆಯ ಹತ್ತಿರ ನಿಂತ ಹಾಗಾಗುತ್ತದೆ ಎನ್ನುತ್ತಿದ್ದ. ಆಮೇಲೆ ಮುದ್ದೆಯನ್ನು ಮೆತ್ತಗೆ ತೊಳೆಸಲು ಅತ್ತಿಗೆಗೆ ಹೇಳಿದ. ಕೆಲವು ವಾರಗಳಲ್ಲಿ ಮುದ್ದೆ ಬಿಟ್ಟು ಮಜ್ಜಿಗೆಯನ್ನಕ್ಕೆ ಇಳಿದ, ಮಜ್ಜಿಗೆಯನ್ನದಿಂದ ಗಂಜಿಗೆ. ಅಂಗಿಯ ಕತ್ತುಪಟ್ಟಿಯೊಳಗೆ ಎರಡು ಬೆರಳು ಆಡುವಷ್ಟು ಸೊರಗಿದ. ಬಾಲ್ಯದಿಂದ ಬೀಡಿ ಸೇದಿದವನು. ನಾವು ಆಸ್ಪತ್ರೆಗೆ ಕರೆದೊಯ್ಯುವಾಗ ಅನ್ನನಾಳದ ಕ್ಯಾನ್ಸರ್ ಬಹಳ ಮುಂದುವರಿದಿತ್ತು. 2015ರ ಜನವರಿಯಲ್ಲಿ ಅಣ್ಣ ತೀರಿಕೊಂಡ.

ಅದೇ ವರ್ಷದ ಜೂನ್ ತಿಂಗಳಲ್ಲಿ ನನ್ನ ಗಂಟಲಿಗೆ ಉಂಡೆ ಬಂದು ಕೂತಿತು.

ಮೊದಲ ದಿನ ಮಾತ್ರೆಯೊಂದು ಸಿಕ್ಕಿಕೊಂಡಿದೆ ಎಂದುಕೊಂಡೆ. ಕೊರಳಿನ ನಡುಭಾಗದಲ್ಲಿ, ಗಂಟಲಮಣಿಗಿಂತ ತುಸು ಕೆಳಗೆ, ನೆಲ್ಲಿಕಾಯಿಯಷ್ಟು ಗಾತ್ರದ ಏನೋ ಒಂದು ನಿಂತಿದೆ. ನೋವಿಲ್ಲ. ಬಾಯಲ್ಲಿದ್ದ ಉಗುಳನ್ನು ನುಂಗಿದೆ. ಉಂಡೆ ಅಲ್ಲೇ ಇತ್ತು. ಇನ್ನೊಮ್ಮೆ ನುಂಗಿದೆ, ಇನ್ನೂ ದೊಡ್ಡದಾದಂತೆ ತೋರಿತು. ಮೂರನೆಯ ಬಾರಿ ನುಂಗಲು ಹೋದಾಗ ಗಂಟಲು ಅಲುಗಲೇ ಇಲ್ಲ. ಆ ಕ್ಷಣದ ಭಯವನ್ನು ಹೇಗೆ ಹೇಳಲಿ? ಅರವತ್ತೊಂದು ವರ್ಷ ತಾನಾಗಿಯೇ ನಡೆದ ಕೆಲಸವೊಂದು ಇದ್ದಕ್ಕಿದ್ದಂತೆ ನಿಂತುಹೋಯಿತು. ಅಣ್ಣನ ಚೊಂಬು ಕಣ್ಣ ಮುಂದೆ ಬಂತು.

ಹೀಗೆ ಒಂದು ತಿಂಗಳು ಯಾರಿಗೂ ಹೇಳದೆ ಕಳೆದೆ. ನನ್ನ ಹೆಂಡತಿ, "ಯಾಕೆ ಹಾಗೆ ಘಳಿಗೆಗೊಂದು ಸಲ ಗಂಟಲು ಸರಿಮಾಡಿಕೊಳ್ಳುತ್ತೀರಿ?" ಎಂದು ಕೇಳಿದರೆ ಶೀತವೆಂದು ಸುಳ್ಳು ಹೇಳುತ್ತಿದ್ದೆ. ಜುಲೈ ತಿಂಗಳ ಒಂದು ನಡುರಾತ್ರಿ ಎಚ್ಚರವಾದಾಗ ಎದೆಯ ಸುತ್ತ ಹಗ್ಗ ಬಿಗಿದಂತಾಗಿತ್ತು. ಎಷ್ಟು ಎಳೆದರೂ ಉಸಿರು ತಳಮುಟ್ಟುತ್ತಿರಲಿಲ್ಲ. ಬೆರಳ ತುದಿಗಳಲ್ಲಿ, ತುಟಿಯ ಸುತ್ತ ಜುಮುಜುಮು. ತಲೆ ಹಗುರಾಗಿ ತೇಲುತ್ತಿತ್ತು. ಪಕ್ಕದ ಮನೆಯವರು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಸಿಜಿ ತೆಗೆದರು, ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಯುವ ರಕ್ತಪರೀಕ್ಷೆಯನ್ನು ಕೆಲವು ಗಂಟೆಗಳ ಅಂತರದಲ್ಲಿ ಎರಡು ಸಲ ಮಾಡಿದರು. ಎಲ್ಲವೂ ಸರಿಯಾಗಿತ್ತು. ಬೆರಳಿಗೆ ಸಿಕ್ಕಿಸಿದ ಯಂತ್ರ ರಕ್ತದ ಆಮ್ಲಜನಕವನ್ನು 99 ಎಂದು ತೋರಿಸುತ್ತಿತ್ತು. ಉಸಿರು ಸಾಲದೆ ಸಾಯುತ್ತಿದ್ದೇನೆ ಎಂದು ನಾನು ತಿಳಿದಿದ್ದ ಹೊತ್ತಿನಲ್ಲಿ!

ಆ ರಾತ್ರಿ ಆಸ್ಪತ್ರೆಗೆ ಹೋದದ್ದು ತಪ್ಪಲ್ಲವೆಂದು ಈಗಲೂ ಹೇಳುತ್ತೇನೆ. ನನ್ನ ವಯಸ್ಸಿನಲ್ಲಿ ಮೊದಲ ಬಾರಿ ಎದೆ ಬಿಗಿದಾಗ ಅದು ಹೃದಯವೋ ಆತಂಕವೋ ಎಂದು ಹಾಸಿಗೆಯಲ್ಲಿ ಕೂತು ತೀರ್ಮಾನಿಸುವುದು ಯಾರಿಂದಲೂ ಆಗದು. ನಡೆದಾಗ, ಮೆಟ್ಟಿಲು ಹತ್ತಿದಾಗ ಬಿಗಿದು ನಿಂತರೆ ಸಡಿಲವಾಗುವ ಎದೆ, ದವಡೆಗೋ ತೋಳಿಗೋ ಹರಿಯುವ ನೋವು, ತಣ್ಣನೆಯ ಬೆವರು ಇದ್ದರಂತೂ ಯೋಚಿಸುವ ಪ್ರಶ್ನೆಯೇ ಇಲ್ಲ. ನನಗೆ ಬೇಸರವಾದದ್ದು ಬೆಳಗಿನ ಜಾವ ಅಲ್ಲಿನ ವೈದ್ಯರೊಬ್ಬರು ಆಡಿದ ಮಾತಿನಿಂದ. "ನಿಮಗೇನೂ ಆಗಿಲ್ಲ. ಎಲ್ಲ ಮನಸ್ಸಿನ ಕಲ್ಪನೆ" ಎಂದು ಚೀಟಿ ಹರಿದು ಕೈಗೆ ಕೊಟ್ಟರು. ಏನೂ ಆಗದಿದ್ದರೆ ಗಂಟಲಲ್ಲಿರುವುದು ಏನು? ಎದೆಗೆ ಕಟ್ಟಿದ ಹಗ್ಗ ಯಾರದು? ಅರ್ಧ ನಿಜ ಹೇಳಿ ಕಳಿಸಿದರೆ ಉಳಿದರ್ಧವನ್ನು ಭಯವೇ ತುಂಬಿಕೊಳ್ಳುತ್ತದೆ.

ಉಳಿದರ್ಧವನ್ನು ನನಗೆ ತಿಳಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಎಂಟನೆಯ ತರಗತಿಯಲ್ಲಿ ಛಂದಸ್ಸಿನ ಪ್ರಸ್ತಾರ ಹಾಕುವಾಗ ಗುರು ಲಘುಗಳನ್ನು ಅದಲುಬದಲು ಮಾಡುತ್ತಿದ್ದ ಹುಡುಗಿ, ಈಗ ಗಂಟಲಿನ ವೈದ್ಯೆ. ಹೆಸರು ಬರೆದರೆ ಕೋಪಿಸಿಕೊಳ್ಳುತ್ತಾಳೆ, ಆದ್ದರಿಂದ ಬಿಟ್ಟಿದ್ದೇನೆ.

ಅವಳು ಮೊದಲು ಕೇಳಿದ್ದೇ ನಾನು ಮೊನ್ನೆ ಹುಡುಗನಿಗೆ ಕೇಳಿದ ಪ್ರಶ್ನೆಯನ್ನು. "ಸಾರ್, ಊಟ ಸಿಕ್ಕಿಕೊಳ್ಳುತ್ತದೆಯೇ, ಇಲ್ಲ ಬರೀ ಉಗುಳು ನುಂಗುವಾಗಲೇ?"

ಯೋಚಿಸಿ ನೋಡಿದೆ. ಬೆಳಿಗ್ಗೆ ಇಡ್ಲಿ ತಿಂದಿದ್ದೆ. ಆ ಹೊತ್ತಿನಲ್ಲಿ ಉಂಡೆಯ ನೆನಪೇ ಇರಲಿಲ್ಲ! ತಿಂಗಳಿನಿಂದ ಒಮ್ಮೆಯೂ ಊಟ ನಿಂತಿರಲಿಲ್ಲ.

"ನಿಮ್ಮ ಅಣ್ಣನವರಿಗೆ?" ಎಂದಳು. ಹೇಳಿದೆ. ಮೊದಲು ಮುದ್ದೆ, ಆಮೇಲೆ ಅನ್ನ, ಕೊನೆಗೆ ಗಂಜಿ.

"ಅಷ್ಟೇ ವ್ಯತ್ಯಾಸ ಸಾರ್. ದಾರಿ ನಿಜವಾಗಿ ಕಿರಿದಾಗಿದ್ದರೆ ಗಟ್ಟಿ ಪದಾರ್ಥ ಮೊದಲು ನಿಲ್ಲುತ್ತದೆ, ತೆಳ್ಳಗಿನದು ಕೊನೆಗೆ. ನಿಮ್ಮದು ತಲೆಕೆಳಗು. ಮುದ್ದೆ ಇಳಿಯುತ್ತದೆ, ಬರಿಯ ಉಗುಳು ಇಳಿಯುವುದಿಲ್ಲ. ಮುದ್ದೆ ಹೋಗುವ ದಾರಿಯಲ್ಲಿ ಉಗುಳಿಗೆ ಅಡ್ಡ ನಿಲ್ಲುವಂಥದ್ದು ಏನಿರಲು ಸಾಧ್ಯ?"

ಆಮೇಲೆ ತೂಕ ಇಳಿದಿದೆಯೇ, ನುಂಗುವಾಗ ನೋವಿದೆಯೇ, ರಕ್ತ ಕಂಡಿದೆಯೇ, ದನಿ ವಾರಗಟ್ಟಲೆ ಒಡೆದಿದೆಯೇ, ಒಂದೇ ಕಡೆಯ ಕಿವಿ ನೋಯುತ್ತದೆಯೇ, ನೀರು ಕುಡಿದರೆ ಕೆಮ್ಮು ಬರುತ್ತದೆಯೇ ಎಂದೆಲ್ಲ ಕೇಳಿದಳು. ಕೊರಳನ್ನು ಎರಡೂ ಕಡೆ ಒತ್ತಿ ನೋಡಿದಳು. ಇವುಗಳಲ್ಲಿ ಒಂದಕ್ಕೆ ಹೌದೆಂದಿದ್ದರೂ ಅವಳು ಬೇರೆ ಹಾದಿ ಹಿಡಿಯುತ್ತಿದ್ದಳಂತೆ. ಮೂಗಿಗೆ ಮರಗಟ್ಟಿಸುವ ಔಷಧಿ ಚಿಮುಕಿಸಿ, ತೆಳುವಾದ ಬಾಗುವ ನಳಿಕೆಯನ್ನು ಮೂಗಿನ ಮೂಲಕ ಇಳಿಸಿ ಗಂಟಲನ್ನು ಪರದೆಯ ಮೇಲೆ ತೋರಿಸಿದಳು. ನನ್ನ ಧ್ವನಿಪೆಟ್ಟಿಗೆಯನ್ನು ನಾನು ಮೊದಲ ಬಾರಿ ನೋಡಿದೆ. ಮೂವತ್ತಾರು ವರ್ಷ ಪಾಠ ಹೇಳಿದ ಎರಡು ಬಿಳಿಯ ಪಟ್ಟಿಗಳು! ಅಲ್ಲಿ ಯಾವ ಉಂಡೆಯೂ ಇರಲಿಲ್ಲ.

ಹಾಗಾದರೆ ಉಂಡೆ ಎಲ್ಲಿಂದ ಬಂತು? ಅನ್ನನಾಳದ ಬಾಯಿಯಲ್ಲಿ, ಗಂಟಲಮಣಿಗಿಂತ ತುಸು ಕೆಳಗೆ, ಉಂಗುರದಂತೆ ಸುತ್ತುವರಿದ ಒಂದು ಸ್ನಾಯುವಿದೆ. ಸಂಚಿಯ ಬಾಯಿಗೆ ಎಳೆಯುವ ದಾರವಿದ್ದಂತೆ ಅದು ಸದಾ ಮುಚ್ಚಿಯೇ ಇರುತ್ತದೆ. ಉಸಿರೆಳೆದಾಗ ಗಾಳಿ ಹೊಟ್ಟೆಗೆ ಹೋಗದಂತೆ, ಹೊಟ್ಟೆಯದು ಗಂಟಲಿಗೆ ಬರದಂತೆ ಕಾಯುವುದು ಅದರ ಕೆಲಸ. ನುಂಗುವಾಗ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಮನಸ್ಸಿಗೆ ಒತ್ತಡವಾದಾಗ ಈ ಉಂಗುರ ಇನ್ನಷ್ಟು ಬಿಗಿಯಾಗುವುದನ್ನು ಒತ್ತಡ ಅಳೆಯುವ ನಳಿಕೆಯಿಂದ ಅಳೆದು ನೋಡಿದ್ದಾರೆ. ನಿದ್ರೆಯಲ್ಲಿ ಅದು ಸಡಿಲವಾಗುತ್ತದೆ. ಬೆಳಿಗ್ಗೆ ಕಣ್ಣು ಬಿಟ್ಟ ಮೊದಲ ಒಂದೆರಡು ನಿಮಿಷ ನನಗೆ ಉಂಡೆ ಇರುತ್ತಿರಲಿಲ್ಲ, ಅದರ ನೆನಪಾದೊಡನೆ ಬರುತ್ತಿತ್ತು ಎಂಬುದು ಆಗ ಅರ್ಥವಾಯಿತು. ಬಿಗಿದ ಮುಷ್ಟಿ ಒಳಗೇನೂ ಇಲ್ಲದೆಯೇ ಗಟ್ಟಿಯಾಗಿರುವ ಹಾಗೆ, ಬಿಗಿದ ಸ್ನಾಯು ಒಳಗಿನಿಂದ ಮುಟ್ಟಿದರೆ ಉಂಡೆಯಂತೆ ತೋರುತ್ತದೆ. ಅದು ಕಲ್ಪನೆಯಲ್ಲ. ಇರುವುದು ಇದೆ, ಆದರೆ ವಸ್ತುವಾಗಿ ಅಲ್ಲ.

ಎಲ್ಲರಿಗೂ ಇದೊಂದೇ ಕಾರಣವೆಂದು ಅವಳು ಹೇಳಲಿಲ್ಲ. ಕೆಲವರಿಗೆ ಹೊಟ್ಟೆಯ ಆಮ್ಲ ಮೇಲೇರಿ ಗಂಟಲು ಕೆರಳಿರುತ್ತದೆ. ಕೆಲವರಲ್ಲಿ ಉಂಗುರದ ಬಿಗಿತ ಅಳತೆಗೆ ಸಿಗುವುದೇ ಇಲ್ಲ, ಆ ಜಾಗದ ಅರಿವು ಮಾತ್ರ ಅತಿ ಚುರುಕಾಗಿರುತ್ತದೆ. ನನಗೂ ಕೆಲವು ವಾರ ಆಮ್ಲಕ್ಕೆ ಮಾತ್ರೆ ಕೊಟ್ಟಳು. ಅದರಿಂದ ಏನೂ ಆಗದಿದ್ದಾಗ ತಾನೇ ನಿಲ್ಲಿಸಿದಳು.

ವೈದ್ಯರು ಇದನ್ನು ಕರೆಯುವ ಹೆಸರು ಗ್ಲೋಬಸ್. ಲ್ಯಾಟಿನ್ನಿನಲ್ಲಿ ಹಾಗೆಂದರೆ ಉಂಡೆಯೆಂದೇ ಅರ್ಥ. ಹಿಂದೆ ಇದರ ಜೊತೆಗೆ ಹಿಸ್ಟೀರಿಯಾವನ್ನು ಸೇರಿಸಿ ಹೇಳುತ್ತಿದ್ದರು. ಹೆಂಗಸರ ಗರ್ಭಕೋಶ ಮೇಲೇರಿ ಬಂದು ಗಂಟಲನ್ನು ಒತ್ತುತ್ತದೆ ಎಂಬ ಗ್ರೀಕರ ಕಾಲದ ನಂಬಿಕೆ ಆ ಹೆಸರಿನಲ್ಲಿ ಉಳಿದಿತ್ತು. 1707ರಲ್ಲಿ ಜಾನ್ ಪರ್ಸೆಲ್ ಎಂಬ ವೈದ್ಯ, ಇದು ಗರ್ಭಕೋಶವಲ್ಲ, ಕೊರಳಿನ ಸ್ನಾಯುಗಳ ಬಿಗಿತ ಎಂದು ಬರೆದ. ಆದರೂ 1968ರಲ್ಲಿ ಮಾಲ್ಕಂಸನ್ ಎಂಬುವರು ಬೇರೆ ಹೆಸರು ಸೂಚಿಸುವವರೆಗೆ ಹಿಸ್ಟೀರಿಯಾದ ಬಾಲ ಅದಕ್ಕೆ ಅಂಟಿಕೊಂಡೇ ಇತ್ತು. ನಮ್ಮ ಭರತಮುನಿ ಈ ವಿಷಯದಲ್ಲಿ ಹೆಚ್ಚು ಉದಾರಿ. ತರಗತಿಯಲ್ಲಿ ಎಂಟು ಸಾತ್ತ್ವಿಕ ಭಾವಗಳನ್ನು ನಿಮ್ಮಿಂದ ಬಾಯಿಪಾಠ ಮಾಡಿಸಿದ್ದು ನೆನಪಿದೆಯೇ? ಸ್ತಂಭ, ಸ್ವೇದ, ರೋಮಾಂಚಗಳ ಸಾಲಿನಲ್ಲಿ ಸ್ವರಭೇದವೂ ಬರುತ್ತದೆ. ಗಂಟಲು ಬಿಗಿದು ದನಿ ಕೆಡುವುದನ್ನು ಅವನು ಬೆವರಿನ, ಕಣ್ಣೀರಿನ ಪಂಕ್ತಿಯಲ್ಲಿಟ್ಟ, ಸುಳ್ಳಿನ ಪಂಕ್ತಿಯಲ್ಲಿ ಇಡಲಿಲ್ಲ. ಪಾಠ ಮಾಡಿದ ನನಗೇ ಅದು ಸಮಯಕ್ಕೆ ನೆನಪಾಗಲಿಲ್ಲ.

ಇನ್ನು ನುಂಗುವುದು ಏಕೆ ನಿಂತುಹೋಗುತ್ತದೆ ಎಂಬುದಕ್ಕೆ ಅವಳು ನನ್ನಿಂದಲೇ ಒಂದು ಪ್ರಯೋಗ ಮಾಡಿಸಿದಳು. ನೀವೂ ಕೂತಲ್ಲೇ ಮಾಡಿ ನೋಡಬಹುದು. ಬಾಯಲ್ಲಿ ಏನೂ ಇಲ್ಲದೆ, ತಡಮಾಡದೆ, ಒಂದರ ಹಿಂದೊಂದು ಐದು ಬಾರಿ ಉಗುಳು ನುಂಗಿ. ಮೊದಲನೆಯದು ಸುಲಭ. ಎರಡನೆಯದು ಕಷ್ಟ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಗಂಟಲು ಒಲ್ಲೆನೆನ್ನುತ್ತದೆ. ಈಗ ಕೈಯಲ್ಲಿ ನೀರಿನ ಲೋಟ ಹಿಡಿದು ಗುಟುಕು ಗುಟುಕಾಗಿ ಕುಡಿಯಿರಿ. ಐದಲ್ಲ, ಹತ್ತು ಬಾರಿ ಬೇಕಾದರೂ ನುಂಗುತ್ತೀರಿ. ಗಂಟಲು ಅದೇ. ವ್ಯತ್ಯಾಸವಿರುವುದು ಅದಕ್ಕೆ ಕೊಟ್ಟ ಸರಕಿನಲ್ಲಿ.

ನುಂಗುವ ಕೆಲಸದಲ್ಲಿ ಆರಂಭ ಮಾತ್ರ ನಮ್ಮ ಕೈಯಲ್ಲಿದೆ. ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳುತ್ತದೆ. ಅದು ಗಂಟಲಿನ ಹಿಂಭಾಗವನ್ನು ಮುಟ್ಟಿದೊಡನೆ ಉಳಿದದ್ದೆಲ್ಲ ನಮ್ಮ ಅಪ್ಪಣೆಯಿಲ್ಲದೆ ನಡೆಯುತ್ತದೆ. ಮುಟ್ಟುವುದಕ್ಕೆ ಏನೂ ಇಲ್ಲದಿದ್ದರೆ ನಡೆಯುವುದಿಲ್ಲ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಲಾಲಾರಸ ಊರುತ್ತದೆಯಾದರೂ ಬಾಯಲ್ಲಿ ಯಾವುದೇ ಕ್ಷಣದಲ್ಲಿ ಇರುವುದು ಸ್ವಲ್ಪವೇ. ಭಯವಾದಾಗ ಅದೂ ಕಡಿಮೆಯಾಗಿ ಅಂಟಾಗುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ನಿಮ್ಮೆಲ್ಲರ ಬಾಯಿ ಒಣಗುತ್ತಿದ್ದುದು ಇದರಿಂದಲೇ. ಹೀಗೆ ಒಣಗಿದ ಬಾಯಲ್ಲಿ ನಾನು, ಉಂಡೆ ಹೋಯಿತೇ ಎಂದು ನೋಡಲು ಮತ್ತೆ ಮತ್ತೆ ನುಂಗುತ್ತಿದ್ದೆ. ಮೂರನೆಯದಕ್ಕೆ ಸೋಲುವುದು ಆರೋಗ್ಯವಂತನಿಗೂ ಖಚಿತವಾದ ಪರೀಕ್ಷೆ ಅದು. ಸೋತೊಡನೆ ಭಯ; ಭಯದಿಂದ ಬಿಗಿತ; ಬಿಗಿತದಿಂದ ಮತ್ತೆ ಪರೀಕ್ಷೆ. ಹಿಂದೆ ನಿಂತು ಇಣುಕಿ ನೋಡುತ್ತಿದ್ದರೆ ಅಂದವಾಗಿ ಬರೆಯುವ ಹುಡುಗನ ಕೈಯೂ ನಡುಗುತ್ತದೆ. ನನ್ನ ಗಂಟಲಿನ ಹಿಂದೆ ನಾನೇ ಬೆತ್ತ ಹಿಡಿದು ನಿಂತಿದ್ದೆ.

ಎದೆಯ ಬಿಗಿತದ್ದು ಇದರದೇ ಒಡಹುಟ್ಟಿದ ಕಥೆ. ಶಾಂತವಾಗಿರುವಾಗ ನಾವು ಪ್ರತಿ ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿಯನ್ನು ಎಳೆದು ಬಿಡುತ್ತೇವೆ. ಬಿಟ್ಟ ಮೇಲೂ ವಯಸ್ಕರ ಶ್ವಾಸಕೋಶದಲ್ಲಿ ಎರಡು ಲೀಟರಿಗೂ ಮಿಕ್ಕಿ ಗಾಳಿ ಉಳಿದಿರುತ್ತದೆ. ಭಯಗೊಂಡವನು ಗಾಳಿ ಸಾಲದೆಂದು ಎಳೆಯುತ್ತಾನೆ, ಆದರೆ ಪೂರ್ತಿ ಬಿಡುವುದಕ್ಕೆ ಮೊದಲೇ ಮತ್ತೆ ಎಳೆಯುತ್ತಾನೆ. ಹೊಟ್ಟೆಯ ಮೇಲಿನ ವಪೆಯನ್ನು ಬಿಟ್ಟು ಭುಜ, ಕೊರಳು, ಪಕ್ಕೆಲುಬುಗಳ ನಡುವಿನ ಸ್ನಾಯುಗಳಿಂದ ಎದೆಯನ್ನು ಎತ್ತುತ್ತಾನೆ. ನಾಲ್ಕೈದು ಉಸಿರಿನಲ್ಲಿ ಎದೆಗೂಡು ಮೇಲಕ್ಕೇರಿ ಅಲ್ಲಿಯೇ ನಿಲ್ಲುತ್ತದೆ. ಸೈಕಲ್ ಪಂಪಿನ ಹಿಡಿಯನ್ನು ತುದಿಯವರೆಗೆ ಎಳೆದಾದ ಮೇಲೆ ಇನ್ನೂ ಎಳೆಯಲು ಹೋದರೆ ಏನಾಗುತ್ತದೆ? ಕೈ ನೋಯುತ್ತದೆ, ಗಾಳಿ ಬರುವುದಿಲ್ಲ. ಮೊದಲು ಕೆಳಗೆ ಒತ್ತಬೇಕು. "ಉಸಿರು ಒಳಗೆ ಹೋಗುತ್ತಿಲ್ಲ" ಎಂದು ನಾನು ದೂರುತ್ತಿದ್ದೆ. ನಿಜಸಂಗತಿಯೆಂದರೆ ಹೊರಗೆ ಹೋಗಿರಲಿಲ್ಲ. ತುಂಬಿದ ಕೊಡಕ್ಕೆ ನೀರು ಹಿಡಿಸುತ್ತಿಲ್ಲವೆಂದು ಅತ್ತಂತೆ. ಹಗ್ಗ ಬಿಗಿದಂತೆ ತೋರಿದ್ದು, ಗಂಟೆಗಟ್ಟಲೆ ಎತ್ತಿ ಹಿಡಿದು ದಣಿದ ಆ ಸ್ನಾಯುಗಳು.

ಹೀಗೆ ಅತಿಯಾಗಿ ಉಸಿರಾಡಿದಾಗ ಆಮ್ಲಜನಕ ಕಡಿಮೆಯಾಗುವುದಿಲ್ಲ. ಆದ್ದರಿಂದಲೇ ಯಂತ್ರದಲ್ಲಿ 99 ಇತ್ತು. ಕಡಿಮೆಯಾಗುವುದು ಇಂಗಾಲದ ಡೈಆಕ್ಸೈಡ್. ಅದನ್ನು ಬರಿಯ ಕಸವೆಂದು ನಾವು ತಿಳಿದಿದ್ದೇವೆ, ಆದರೆ ರಕ್ತದಲ್ಲಿ ಅದು ತಕ್ಕಷ್ಟು ಇರಲೇಬೇಕು. ಅದು ಇಳಿದರೆ ರಕ್ತದ ಆಮ್ಲೀಯತೆ ತುಸು ತಗ್ಗಿ, ಮಿದುಳಿನ ರಕ್ತನಾಳಗಳು ಕಿರಿದಾಗಿ ತಲೆ ತೇಲುತ್ತದೆ. ನರಗಳು ಕೆರಳಿ ಬೆರಳು ತುಟಿಗಳು ಜುಮುಗುಟ್ಟುತ್ತವೆ. ಆ ಜುಮುಜುಮುವನ್ನು ನಾನು ಪಾರ್ಶ್ವವಾಯುವಿನ ಆರಂಭವೆಂದು ತಿಳಿದಿದ್ದೆ. ಇಂಥ ಹೊತ್ತಿನಲ್ಲಿ ಕಾಗದದ ಚೀಲದೊಳಗೆ ಉಸಿರಾಡಬೇಕೆಂದು ಪಕ್ಕದ ಮನೆಯವರು ಹೇಳಿದ್ದರು. ನನ್ನ ವೈದ್ಯೆ ಅದನ್ನು ಖಂಡಿತ ಬೇಡವೆಂದಳು. ಅದು ನಿಜವಾಗಿ ಹೃದಯದ ಅಥವಾ ಉಬ್ಬಸದ ತೊಂದರೆಯಾಗಿದ್ದರೆ, ಚೀಲ ಇದ್ದ ಆಮ್ಲಜನಕವನ್ನೂ ಕಸಿದುಕೊಳ್ಳುತ್ತದೆ.

ಗಂಟಲಿಗೂ ಎದೆಗೂ ಸಂಬಂಧವೇನೆಂದು ಕೇಳಿದೆ. ಅನ್ನಕ್ಕೂ ಗಾಳಿಗೂ ಗಂಟಲಕುಳಿಯವರೆಗೆ ಒಂದೇ ದಾರಿ. ಆದ್ದರಿಂದ ನುಂಗುವಾಗಲೆಲ್ಲ ಧ್ವನಿಪೆಟ್ಟಿಗೆ ಮುಚ್ಚಿಕೊಂಡು ಉಸಿರು ಅರೆಕ್ಷಣ ನಿಲ್ಲುತ್ತದೆ. ಸಾಮಾನ್ಯವಾಗಿ ನಾವು ಉಸಿರು ಬಿಡುವ ನಡುವೆ ನುಂಗಿ, ಉಳಿದದ್ದನ್ನು ಆಮೇಲೆ ಬಿಡುತ್ತೇವೆ. ಲಯ ತಪ್ಪುವುದಿಲ್ಲ, ನಮಗೆ ತಿಳಿಯುವುದೂ ಇಲ್ಲ. ನಿಮಿಷಕ್ಕೆ ಆರೇಳು ಬಾರಿ ಪರೀಕ್ಷೆಗಾಗಿ ನುಂಗುವವನು ಅಷ್ಟು ಬಾರಿ ತನ್ನ ಉಸಿರನ್ನು ತಾನೇ ತಡೆಯುತ್ತಾನೆ. ಉಸಿರು ತಪ್ಪಿತೆಂದು ಎದೆಯನ್ನು ಎತ್ತಿದರೆ ಅದೇ ಕೊರಳಿನ ಸ್ನಾಯುಗಳು ಇನ್ನಷ್ಟು ಬಿಗಿದು ಉಂಡೆಯನ್ನು ದೊಡ್ಡದು ಮಾಡುತ್ತವೆ. ಎರಡು ಕಾಯಿಲೆಗಳೆಂದು ನಾನು ಭಾವಿಸಿದ್ದು ಒಂದೇ ಗಾಣದ ಸುತ್ತ.

ಇಷ್ಟು ತಿಳಿದ ಮೇಲೆ ಉಂಡೆ ಹೋಯಿತೆಂದು ನೀವು ಊಹಿಸಿದರೆ ತಪ್ಪು. ಅಣ್ಣನ ಕಾರಣದಿಂದ ಅನ್ನನಾಳವನ್ನೂ ನೋಡಿಬಿಡೋಣವೆಂದು ನಾನು ಹಟ ಹಿಡಿದೆ. ಅವಳು ಒಂದು ಷರತ್ತಿನ ಮೇಲೆ ಒಪ್ಪಿದಳು: ಒಮ್ಮೆ ಮಾತ್ರ, ಸರಿಯಾಗಿದೆಯೆಂದು ಬಂದರೆ ಮತ್ತೆ ಕೇಳುವಂತಿಲ್ಲ. ಎಂಡೋಸ್ಕೋಪಿ ಆಯಿತು. ಏನೂ ಇರಲಿಲ್ಲ. ಉಂಡೆ ಅಂದೇ ಮಾಯವಾಗಿ ಒಂಬತ್ತು ದಿನ ಬರಲಿಲ್ಲ. ಹತ್ತನೆಯ ದಿನ, "ಆ ನಳಿಕೆ ಒಂದು ಮೂಲೆಯನ್ನು ನೋಡದೆ ಬಿಟ್ಟಿದ್ದರೆ?" ಎಂಬ ಯೋಚನೆ ಬಂತು. ಸಂಜೆಯ ಹೊತ್ತಿಗೆ ಉಂಡೆ ತನ್ನ ಜಾಗದಲ್ಲಿತ್ತು. ಇನ್ನೊಂದು ಪರೀಕ್ಷೆ ಕೇಳಲು ಹೋದ ನನಗೆ ಅವಳು ಷರತ್ತನ್ನು ನೆನಪಿಸಿ, "ಸಾರ್, ಒಂಬತ್ತು ದಿನ ಗುಣವಾದದ್ದು ಪರೀಕ್ಷೆಯಿಂದ ಅಲ್ಲ, ನೀವು ಒಂಬತ್ತು ದಿನ ಪರೀಕ್ಷಿಸದೆ ಇದ್ದುದರಿಂದ" ಎಂದಳು. ಶಿಷ್ಯೆಯ ಬಾಯಿಂದ ಅಷ್ಟು ನೇರವಾಗಿ ಕೇಳಿ ಸ್ವಲ್ಪ ಮುನಿಸೂ ಬಂತು.

ಆಗ ಅವಳು ಕೊಟ್ಟ ಕೆಲಸ ಎಣಿಕೆ. ನಿಲ್ಲಿಸಬೇಡಿ, ಮೊದಲು ಎಣಿಸಿ ಎಂದಳು. ಹುಣಸೆ ಬೀಜಗಳನ್ನು ಜುಬ್ಬದ ಎಡಜೇಬಿನಲ್ಲಿ ತುಂಬಿಕೊಂಡು, ಉಂಡೆ ಇದೆಯೇ ಎಂದು ನೋಡಲು ನುಂಗಿದಾಗಲೆಲ್ಲ ಒಂದನ್ನು ಬಲಜೇಬಿಗೆ ಹಾಕಿದೆ. ಮೊದಲ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದ ಊಟದವರೆಗೆ 63 ಬೀಜಗಳು! ನಾಚಿಕೆಯಾಯಿತು. ಆಮೇಲೆ, ನುಂಗಬೇಕೆನಿಸಿದಾಗ ಬರಿದೇ ನುಂಗದೆ ಒಂದು ಗುಟುಕು ನೀರು ಕುಡಿಯುವುದು. ನೀರಿಲ್ಲದಿದ್ದರೆ ನಾಲಿಗೆಯನ್ನು ಸಡಿಲ ಬಿಟ್ಟು, ಉಗುಳು ತಾನಾಗಿ ಊರಿ ತಾನಾಗಿ ಇಳಿಯಲು ಬಿಡುವುದು. ಗಂಟಲು ಕೆರೆದು ಕೆಮ್ಮುವುದನ್ನೂ ಬಿಡಬೇಕಾಯಿತು, ಏಕೆಂದರೆ ಅದು ಗಂಟಲನ್ನು ಇನ್ನಷ್ಟು ಕೆರಳಿಸುತ್ತದೆ. ಎದೆ ಬಿಗಿದಾಗ ಉಸಿರೆಳೆಯುವ ಪ್ರಯತ್ನವನ್ನು ಕೈಬಿಟ್ಟು, ಭುಜವನ್ನು ಇಳಿಸಿ, ತುಟಿಯನ್ನು ಕಿರಿದು ಮಾಡಿ ನಿಧಾನವಾಗಿ ಬಿಡುವುದು. ಮನಸ್ಸಿನಲ್ಲಿ ಆರರವರೆಗೆ ಎಣಿಸುತ್ತ ಬಿಟ್ಟು, ನಾಲ್ಕರವರೆಗೆ ಎಣಿಸುತ್ತ ತಾನಾಗಿ ಬಂದಷ್ಟನ್ನು ಮಾತ್ರ ತೆಗೆದುಕೊಳ್ಳುವುದು. ಮೊದಲ ಒಂದೆರಡು ನಿಮಿಷ ಇನ್ನೂ ಉಸಿರು ಕಟ್ಟಿದಂತೆನಿಸುತ್ತದೆ. ಅಲ್ಲಿಯೇ ಬಹಳ ಜನ ಬಿಟ್ಟುಬಿಡುತ್ತಾರಂತೆ. ನಾನೂ ಮೊದಲ ಸಲ ಬಿಟ್ಟುಬಿಟ್ಟಿದ್ದೆ.

ಎರಡನೆಯ ವಾರದ ಕೊನೆಗೆ ಮಧ್ಯಾಹ್ನದವರೆಗಿನ ಬೀಜಗಳು ಇಪ್ಪತ್ತರ ಒಳಗೆ ಬಂದವು. ಮಧ್ಯೆ ಅಣ್ಣನ ಹೊಲದ ಪಹಣಿಯ ಕೆಲಸಕ್ಕೆ ತಾಲ್ಲೂಕು ಕಚೇರಿಗೆ ಹೋದ ದಿನ ಮತ್ತೆ ಐವತ್ತು ದಾಟಿತು. ಸುಮಾರು ಮೂರು ತಿಂಗಳಲ್ಲಿ ಜೇಬಿಗೆ ಬೀಜ ಹಾಕಿಕೊಳ್ಳುವುದನ್ನೇ ಮರೆತೆ. ಅತ್ತಿಗೆ, "ನೀವು ಅವರಿಗಾಗಿ ಅಳಲೇ ಇಲ್ಲ, ಅದೇ ಗಂಟಲಲ್ಲಿ ನಿಂತಿದೆ. ಅತ್ತುಬಿಡಿ, ಇಳಿಯುತ್ತದೆ" ಎಂದಿದ್ದರು. ಅವರ ಮಾತಿಗೆ ಬೆಲೆ ಕೊಟ್ಟು ಒಂದು ಸಂಜೆ ಹಿತ್ತಿಲಲ್ಲಿ ಕೂತು ಅತ್ತೆ. ಮನಸ್ಸು ಹಗುರಾಯಿತು, ಆದರೆ ಉಂಡೆ ಆ ರಾತ್ರಿ ಇನ್ನೂ ದೊಡ್ಡದಿತ್ತು. ಇಂದಿಗೂ ವರ್ಷಕ್ಕೆ ಒಂದೆರಡು ಬಾರಿ ಬಂದು ಕೂರುತ್ತದೆ, ಸಾಮಾನ್ಯವಾಗಿ ಜನವರಿಯಲ್ಲಿ. ಕಾಫಿ ಕುಡಿಯುತ್ತೇನೆ, ಪತ್ರಿಕೆ ಓದುತ್ತೇನೆ. ಯಾವಾಗ ಎದ್ದು ಹೋಯಿತೆಂದು ಗೊತ್ತಾಗುವುದಿಲ್ಲ.

ಹುಡುಗ ಮರುದಿನವೇ ವೈದ್ಯರನ್ನು ಕಂಡ. ಅವನ ತಂದೆಯ ಕಾಯಿಲೆಯನ್ನು ಕೇಳಿ ಅವರು ಗಂಟಲನ್ನೂ ಅನ್ನನಾಳವನ್ನೂ ನೋಡಿದರು, ಎಲ್ಲವೂ ಸರಿಯಾಗಿದೆ. ಎರಡು ತಿಂಗಳಿನಿಂದ ಅವನ ಕೆಲಸ ಉಳಿಯುವುದೋ ಇಲ್ಲವೋ ಎಂಬ ಸ್ಥಿತಿಯಿದೆಯೆಂದು ಆಮೇಲೆ ಬಾಯಿಬಿಟ್ಟ. ಮನೆಯಲ್ಲಿ ಅವನ ಹೆಂಡತಿಗೂ ಹೇಳಿರಲಿಲ್ಲವಂತೆ. ನಾನು ಎಣಿಕೆಯ ವಿಚಾರವನ್ನು ತಿಳಿಸಿದೆ. ಮೊಬೈಲಿನಲ್ಲಿ ಎಣಿಸುತ್ತೇನೆ ಎಂದವನು ನಾಲ್ಕು ದಿನದ ಮೇಲೆ ಮತ್ತೆ ಫೋನು ಮಾಡಿ, "ಚಿಕ್ಕಪ್ಪ, ಮೊಬೈಲು ತೆಗೆದರೆ ಆಫೀಸಿನ ಸಂದೇಶಗಳೇ ಕಾಣುತ್ತವೆ. ಆ ಹುಣಸೆ ಬೀಜ ಸ್ವಲ್ಪ ಕಳಿಸಿಕೊಡಿ" ಎಂದ. ಊರಿನಿಂದ ಭಾನುವಾರ ಬೆಂಗಳೂರಿಗೆ ಹೊರಟಿದ್ದ ಪರಿಚಿತರ ಕೈಯಲ್ಲಿ ಒಂದು ಪೊಟ್ಟಣ ಕಳಿಸಿದ್ದೇನೆ. ಜೊತೆಗೆ ಎರಡು ಸೇರು ರಾಗಿಹಿಟ್ಟು.